ಹಿಂದಕ್ಕೆ ತಿರುವಬಾರದ ಚಕ್ರ

ಮಷೀನ್ ಎಣ್ಣೆಯಲ್ಲಿ ನೆಂದ ಜೀನ್ಸ್ ನಾರಿನ ವಾಸನೆ ಬಂದರೆ ಇವತ್ತಿಗೂ ನನಗೆ ಊಟ ಸೇರುವುದಿಲ್ಲ. ಸೂಜಿಯ ಕೆಳಗಿನ ತಗಡು ಬಿಚ್ಚಿದರೆ ನೀಲಿ ಧೂಳೂ ಎಣ್ಣೆಯೂ ಸೇರಿ ಹಳಸಿದ ಮುದ್ದೆಯ ಹಾಗೆ ಕೂತಿರುತ್ತಿತ್ತು. ನನ್ನ ಸೋದರಮಾವ ಅದನ್ನು ಬೆರಳಿನಲ್ಲೇ ಬಳಿದು, ಬೆರಳನ್ನು ಲುಂಗಿಗೆ ಒರೆಸಿ, ಅದೇ ಕೈಯಲ್ಲಿ ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅವನು ನನ್ನ ಹೆಂಡತಿಯ ಅಪ್ಪನೂ ಹೌದು, ನನಗೆ ಮಷೀನ್ ರಿಪೇರಿ ಕೆಲಸ ಕಲಿಸುತ್ತೇನೆಂದು ಮಡಕಶಿರಾ ಕಡೆಯ ಹಳ್ಳಿಯಿಂದ ರಾಯದುರ್ಗಕ್ಕೆ ಕರೆಸಿಕೊಂಡ ಮಿಸ್ತ್ರಿಯೂ ಹೌದು. ನಮ್ಮ ಊರಿನ ಹುಡುಗರೆಲ್ಲ ಹಿಂದೂಪುರ, ಬೆಂಗಳೂರು ಎಂದು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಿದ್ದ ಕಾಲ. ನಾನೊಬ್ಬನೇ ಉಲ್ಟಾ ದಿಕ್ಕಿಗೆ ಹೊರಟಿದ್ದೆ.

ಆಗ ರಾಯದುರ್ಗದಲ್ಲಿ ಗಲ್ಲಿಗೊಂದು ಜೀನ್ಸ್ ಯೂನಿಟ್ ಇತ್ತು. ಮಾವನ ಹೆಸರು ಓಡುತ್ತಿದ್ದದ್ದು ಒಂದೇ ಒಂದು ಮಷೀನಿನ ಮೇಲೆ. ಪ್ಯಾಂಟಿನ ಕಾಲಿನ ಅಂಚು ಮಡಿಚಿ ಚೈನ್ ಹೊಲಿಗೆ ಹಾಕುವ ಹಳೆಯ ಪರದೇಶದ ಮಷೀನು, ಎಲ್ಲೋ ಮುಚ್ಚಿಹೋದ ಕಾರ್ಖಾನೆಗಳಿಂದ ಸೆಕೆಂಡ್‌ಹ್ಯಾಂಡಾಗಿ ಬಂದದ್ದು. ಅದರಲ್ಲಿ ಹೊಲಿದ ಅಂಚು ಒಗೆದ ಮೇಲೆ ಹಗ್ಗದ ಹಾಗೆ ಹುರಿಗೊಳ್ಳುತ್ತದೆ. ಹೊಸ ಮಷೀನಿನಲ್ಲಿ ಹೊಲಿದರೆ ಅಂಚು ಸಪಾಟಾಗಿ ಮಲಗುತ್ತದೆ. ದೊಡ್ಡ ಊರಿನ ವ್ಯಾಪಾರಿಗಳಿಗೆ ಹುರಿಯೇ ಬೇಕು. ಆದರೆ ಆ ಮಷೀನನ್ನು ಮಾಡುವವರು ನಿಲ್ಲಿಸಿ ಯಾವ ಕಾಲವಾಯಿತೋ, ಬಿಡಿಭಾಗ ಬೇಕೆಂದರೆ ಗುಜರಿ ಕೆದಕಬೇಕು. ಅದು ಕೆಟ್ಟರೆ ಸರಿಮಾಡಬಲ್ಲವನು ಆ ಸುತ್ತಿನಲ್ಲಿ ಮಾವನೊಬ್ಬನೇ.

ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಅವನ ದೊಡ್ಡ ರೋಗ. ಯೂನಿಟ್ ಮಾಲೀಕರು ಫೋನ್ ಮಾಡಿದರೆ ಮೊದಲ ಸಲ ಎತ್ತುತ್ತಲೇ ಇರಲಿಲ್ಲ. ಹೋದ ಮೇಲೆ ಒಗ್ಗರಣೆ ಮಂಡಕ್ಕಿ ಬರಬೇಕು, ಮೆಣಸಿನಕಾಯಿ ಬಜ್ಜಿ ಬರಬೇಕು, ಫ್ಯಾನು ಅವನ ಕಡೆ ತಿರುಗಬೇಕು. ಮಾಲು ತುಂಬಲು ಲಾರಿ ಬಾಗಿಲಲ್ಲಿ ನಿಂತಿದ್ದರೂ ಇವನು ನಿಧಾನಕ್ಕೆ ಬಾಯಿ ಮುಕ್ಕಳಿಸುತ್ತಿದ್ದ. ಆಮೇಲೆ ಎಲ್ಲರನ್ನೂ ಆಚೆ ಕಳಿಸಿ, ಬೆನ್ನು ತಿರುಗಿಸಿ, ಟವಲು ಹರವಿಕೊಂಡು ಮಷೀನಿನ ಮೇಲೆ ಬಾಗುತ್ತಿದ್ದ. ಒಳಗಿರಲು ಅನುಮತಿ ಇದ್ದವನು ನಾನೊಬ್ಬ. ನನಗೂ ಕಾಣುತ್ತಿದ್ದದ್ದು ಅವನ ಬೆವರಿದ ಬೆನ್ನು ಮಾತ್ರ.

ಜೊತೆಗೆ ಒಂದು ಕಟ್ಟಪ್ಪಣೆ ಇತ್ತು. ಕೈಚಕ್ರವನ್ನು ಯಾರೂ ಹಿಂದಕ್ಕೆ ತಿರುವಬಾರದು. ಹಿಂದಕ್ಕೆ ತಿರುವಿದರೆ ಮಷೀನು ಸಾಯುತ್ತದೆ. ಇದನ್ನು ಅವನು ಊರೆಲ್ಲ ನಂಬಿಸಿಬಿಟ್ಟಿದ್ದ. ಅಂಚು ಹೊಲಿಯುವ ಹೆಂಗಸರು ಬೆಳಿಗ್ಗೆ ಮಷೀನಿಗೆ ಕೈಮುಗಿದು ಕೂರುವವರು, ಬಟ್ಟೆ ಸಿಕ್ಕಿಹಾಕಿಕೊಂಡರೂ ಚಕ್ರ ಮುಟ್ಟದೆ ಕತ್ತರಿ ಹಾಕಿ ಬಟ್ಟೆಯನ್ನೇ ಕತ್ತರಿಸುತ್ತಿದ್ದರು. ತೆಲುಗಿನಲ್ಲಿ, ಕನ್ನಡದಲ್ಲಿ, ಎರಡರಲ್ಲೂ ಅದೇ ಮಾತು. ನಾನೂ ನಂಬಿದ್ದೆ.

ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ನನಗೆ ಸಾಕಾಗಿ ಹೋಗಿತ್ತು. ಅಷ್ಟರಲ್ಲಿ ಕಂಪ್ಯೂಟರ್ ಮಷೀನುಗಳು ಬರತೊಡಗಿದವು. ಬೆಲ್ಟಿಲ್ಲ, ಕ್ಲಚ್ಚಿಲ್ಲ, ಮೋಟರು ಮಷೀನಿನ ತಲೆಯೊಳಗೇ ಕೂತಿರುತ್ತದೆ, ದಾರ ತಾನೇ ಕತ್ತರಿಸುತ್ತದೆ, ಮೇಲೊಂದು ಹಲಗೆಯಲ್ಲಿ ಅಂಕಿ ಹೊಳೆಯುತ್ತವೆ. ಬಳ್ಳಾರಿಯ ಡೀಲರನೊಬ್ಬ ಅವನ್ನು ರಿಪೇರಿ ಮಾಡುವವರನ್ನು ಹುಡುಕುತ್ತಿದ್ದ. ನನಗೂ ಕರೆ ಬಂತು. ತರಬೇತಿಗೆ ಬಾ, ಒಪ್ಪಿಗೆಯಾದರೆ ಯುಗಾದಿ ಕಳೆದು ಸೇರಿಕೋ ಎಂದ. ಹೋದರೆ ಮಾವನ ಕೆಲಸ ಬಿಟ್ಟಂತೆ. ಅವನು ಮತ್ತೆ ಕಲಿಸುವ ಪೈಕಿಯಲ್ಲ. ಕಲಿಯದೆ ಅವನ ಬಳಿಯೇ ಉಳಿದರೆ ನಾನು ಜೀವನಪೂರ್ತಿ ಅವನ ಚೀಲ ಹೊರುವವನು. ಆ ಹಳೆಯ ಮಷೀನು ಕಲಿತರೂ ಮುಳುಗುತ್ತಿರುವ ದೋಣಿಗೆ ಅಂಬಿಗನಾದಂತೆ ಎಂದು ಡೀಲರನ ಕಡೆಯವರು ನಕ್ಕರು.

ಬಳ್ಳಾರಿಯಲ್ಲಿ ಏರ್‌ಕಂಡೀಷನ್ ರೂಮು. ಕಂಪನಿಯ ಎಂಜಿನಿಯರು ಮೈತುಂಬ ಸೆಂಟು ಹೊಡೆದುಕೊಂಡು ಬಂದಿದ್ದ. ಎಣ್ಣೆವಾಸನೆಯೇ ವಾಸಿ ಅನ್ನಿಸುವಷ್ಟು. ಮಷೀನು ನಿಂತರೆ ಹಲಗೆಯಲ್ಲಿ ಒಂದು ಎರರ್ ನಂಬರು ಬರುತ್ತದೆ, ಆ ನಂಬರು ಇಂಥ ಭಾಗದ್ದು ಎಂದು ತೋರಿಸಿದ. ಅಲ್ಲಿಯವರೆಗೆ ನನಗೆ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಒಳಗಿನ ಸೆಟ್ಟಿಂಗು ಬದಲಿಸಲು ಪಾಸ್‌ವರ್ಡ್ ಒತ್ತಬೇಕಾಯಿತು. ಆ ಎಂಜಿನಿಯರ್ ಹುಡುಗ ಎಡಗೈ ಅಂಗೈಯನ್ನು ಹಲಗೆಗೆ ಅಡ್ಡ ಹಿಡಿದು ಬಲಗೈಯಲ್ಲಿ ಟಕಟಕ ಒತ್ತಿದ. ಏನು ಒತ್ತಿದಿರಿ ಎಂದು ಕೇಳಿದೆ. ಅದು ನಿಮಗೆ ಬೇಕಾಗಿಲ್ಲ, ನಂಬರು ನೋಡಿ ನಮಗೆ ಫೋನ್ ಮಾಡಿದರೆ ಸಾಕು ಎಂದ. ಒಳಗಿನ ಬೋರ್ಡು ಹೋದರೆ? ಬೋರ್ಡು ಬಿಚ್ಚಿ ನಮಗೆ ಕಳಿಸಿ, ಬೇರೆ ಬೋರ್ಡು ಹಾಕಿ. ಬೋರ್ಡಿನಲ್ಲಿ ಏನು ಕೆಟ್ಟಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದಕ್ಕೆ ನಾಚಿಕೆಯೂ ಇರಲಿಲ್ಲ. ಮಾವನ ಬೆನ್ನೇ ಸಣ್ಣದಾಗಿ, ಸ್ನಾನ ಮಾಡಿಕೊಂಡು ಬಂದು ಅಲ್ಲಿ ಅಂಗೈಯಾಗಿ ಕೂತಿದೆ ಅನ್ನಿಸಿ ನನಗೆ ಮೈ ಉರಿಯಿತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಎಲ್ಲಿಗಾದರೂ ಹೋಗು, ನಮ್ಮಪ್ಪನ ಥರ ಆಗಿ ಮಾತ್ರ ಬರಬೇಡ ಎಂದಳು. ಅಪ್ಪನ ಮೇಲೆ ಅವಳಿಗೆ ಪ್ರೀತಿ ಇಲ್ಲವೆಂದಲ್ಲ. ಮನೆಯಲ್ಲಿ ಮಿಕ್ಸಿ ಕೆಟ್ಟರೂ ಬಾಗಿಲು ಹಾಕಿಕೊಂಡು ಬಿಚ್ಚುವ ಮನುಷ್ಯ ಅವನು.

ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡ್ ಹಿಂದಿನ ಯೂನಿಟ್ಟಿನಿಂದ ಕರೆ ಬಂತು. ಅಂಚಿನ ಮಷೀನು ಹೊಲಿಗೆ ಬಿಡುತ್ತಿದೆ. ಚೈನ್ ಹೊಲಿಗೆಯಲ್ಲಿ ಒಂದು ತಪ್ಪಿದರೂ ಮುಗೀತು, ಗಿರಾಕಿ ತುದಿ ಎಳೆದರೆ ಅಂಚೆಲ್ಲ ಸರ್ರನೆ ಬಿಚ್ಚಿಕೊಳ್ಳುತ್ತದೆ. ಹೋದೆವು. ಅವತ್ತು ಮಾವನ ಹೆಬ್ಬೆರಳಿಗೆ ಗಾಯವಾಗಿ ಬಟ್ಟೆ ಸುತ್ತಿತ್ತು, ಕರೆಂಟೂ ಇರಲಿಲ್ಲ. ಬೇರೆ ದಾರಿಯಿಲ್ಲದೆ ಟಾರ್ಚು ಹಿಡಿ ಎಂದ. ಹಿಡಿದೆ.

ಆಗ ಕಂಡದ್ದು ಇದು. ಸೂಜಿ ಕೆಳಗಿಳಿದು ಮತ್ತೆ ಏಳತೊಡಗಿದಾಗ ಅದರ ದಾರ ಒಂದು ಸಣ್ಣ ಕುಣಿಕೆಯಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಕೆಳಗಿನ ಲೂಪರ್, ಅಂದರೆ ಕೊಕ್ಕೆಯಂಥ ಉಕ್ಕಿನ ತುಂಡು, ಸೂಜಿಗೆ ತಾಗಿಯೂ ತಾಗದ ಹಾಗೆ ಹಿಂದಿನಿಂದ ಬಂದು ಕುಣಿಕೆಯೊಳಗೆ ನುಗ್ಗಬೇಕು. ಮಾವ ಮೊದಲು ದಾರ ತೆಗೆದ. ಚಕ್ರವನ್ನು ಮುಂದಕ್ಕೆ ತಿರುವಿ ಲೂಪರಿನ ತುದಿ ಸೂಜಿಯ ಬಳಿ ಬಂದಾಗ ನಿಲ್ಲಿಸಿದ, ಸೂಜಿ ಎಷ್ಟು ಎತ್ತರದಲ್ಲಿದೆ ನೋಡಿದ. ಆಮೇಲೆ ಚಕ್ರವನ್ನು ಹಿಂದಕ್ಕೆ ತಿರುವಿದ. ನಿಧಾನಕ್ಕೆ, ಆರಾಮಾಗಿ, ತುದಿ ಮತ್ತೊಮ್ಮೆ ಸೂಜಿಯ ಬಳಿ ಬರುವವರೆಗೆ. ಎರಡೂ ಸಲ ಸೂಜಿಯ ಎತ್ತರ ಒಂದೇ ಇರಬೇಕು. ಇರಲಿಲ್ಲ. ಸ್ಕ್ರೂ ಸಡಿಲಿಸಿ ಒಂದಿಷ್ಟು ಸರಿಸಿ, ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಗುಟ್ಟು ಎಂದರೆ ಅಷ್ಟೇ.

"ಹಿಂದಕ್ಕೆ ತಿರುವಿದ್ರೆ ಸಾಯ್ತದೆ ಅಂತಿದ್ಯಲ್ಲ ಮಾವ" ಎಂದೆ.

ಅವನು ಬಾಯಲ್ಲಿದ್ದದ್ದನ್ನು ಮಷೀನಿನ ಕಾಲ ಬಳಿಯೇ ಉಗುಳಿ, ಹಲ್ಲು ತೋರಿಸಿ ನಕ್ಕ. "ಅದು ಸಾಯ್ತದ ಅಂದಿದ್ದಕ್ಕ ನಾವು ಬದುಕೀವಲೇ ಅಳಿಯ. ದಾರ ಇದ್ದಾಗ ತಿರುವಿದ್ರ ದಾರ ಸಿಕ್ಕಾಗ್ತದ, ಅಷ್ಟ. ಅದನ್ನ ಇವರಿಗ್ಯಾಕ ಹೇಳಬೇಕು?"

ಈ ಊರಿನಲ್ಲಿ ಈ ಕೆಲಸ ಗೊತ್ತಿದ್ದವರು ಕಡಿಮೆ ಯಾಕೆ ಎಂದು ನಾನು ಯೋಚಿಸಿದ್ದೆ. ಮಷೀನು ಹಳೆಯದು, ಕಲಿಯುವವರಿಲ್ಲ, ಕಾಲ ಹಾಗಿದೆ ಎಂದೆಲ್ಲ ಅಂದುಕೊಂಡಿದ್ದೆ. ಕಾಲವಲ್ಲ, ಇವನು. ಹೆಂಗಸರು ಹೆದರಿ ಕತ್ತರಿಸಿ ಬಿಸಾಡಿದ ಬಟ್ಟೆಯ ರಾಶಿ ಪ್ರತಿ ಯೂನಿಟ್ಟಿನ ಮೂಲೆಯಲ್ಲೂ ಇತ್ತು. ಅದಕ್ಕಾಗಿ ಬೈಸಿಕೊಂಡವರೂ ಅವರೇ.

ಆದರೂ ನಾನು ಹಳೆಯದನ್ನೇ ಹಿಡಿದೆ. ಪ್ರೀತಿಯಿಂದಲ್ಲ, ಮುದುಕನ ಮೇಲಿನ ಗೌರವದಿಂದಂತೂ ಅಲ್ಲವೇ ಅಲ್ಲ. ಎರಡು ಕಡೆಯೂ ಮುಚ್ಚಿಡುವವರೇ ಇದ್ದರು. ಆದರೆ ಈ ಮಷೀನಿನಲ್ಲಿ ಮುಚ್ಚಿಟ್ಟದ್ದು ಒಂದು ಟಾರ್ಚಿನ ಬೆಳಕಿಗೆ ಕಂಡುಬಿಡುತ್ತದೆ. ಸೂಜಿ, ಕೊಕ್ಕೆ, ಚಕ್ರ, ಎಲ್ಲ ಕಣ್ಣ ಮುಂದೆ. ಬಳ್ಳಾರಿಯ ಆ ಅಂಗೈ ಅಡಿಯ ಅಂಕಿಗಳನ್ನು ನಾನು ಸಾಯುವವರೆಗೆ ದುರುಗುಟ್ಟಿದರೂ ಕಾಣುತ್ತಿರಲಿಲ್ಲ. ಡೀಲರನಿಗೆ ಬರುವುದಿಲ್ಲ ಎಂದೆ. ಮಾವನಿಗೂ ಹೇಳಿದೆ: ಕೆಲಸ ನಾನು ಮುಂದುವರಿಸುತ್ತೇನೆ, ಆದರೆ ಆ ಸುಳ್ಳನ್ನು ನನ್ನ ಬಾಯಿಂದ ಹೇಳುವುದಿಲ್ಲ, ಕೇಳಿದವರಿಗೆ ತೋರಿಸುತ್ತೇನೆ. ಹಾಳಾಗಿ ಹೋಗು ಎಂದ. ಆಮೇಲೆ ಎಷ್ಟೋ ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಅದರಿಂದ ನನಗೆ ಲಾಭವೇ ಆಯಿತು, ಆ ಕೈ ನೋಡದೆ ಉಂಡೆ.

ಬಸ್‌ಸ್ಟ್ಯಾಂಡ್ ಹಿಂದಿನ ಯೂನಿಟ್ಟಿನಲ್ಲಿ ಅಂಚು ಹೊಲಿಯುತ್ತಿದ್ದ ಹೆಂಗಸು ಚುರುಕು. ಮೊದಲು ತೋರಿಸಿದ್ದು ಅವಳಿಗೆ. ದಾರ ತೆಗೆಸಿ, ಚಕ್ರ ಹಿಂದಕ್ಕೆ ತಿರುವು ಎಂದಾಗ ಕೈ ಹಿಂದೆಗೆದುಕೊಂಡಳು. ಬೇಡ್ರಿ ಅಣ್ಣಾ, ಪಾಪ ಸುತ್ತಿಕೊಳ್ತದ ಎಂದಳು. ಅವಳ ಕೈಯಿಂದಲೇ ತಿರುವಿಸಿದೆ. ಮಷೀನು ಸಾಯದಿದ್ದದ್ದನ್ನು ನೋಡಿ ಅವಳು ಮಾವನನ್ನು ತೆಲುಗಿನಲ್ಲಿ ಬಾಯಿಗೆ ಬಂದಂತೆ ಬೈದಳು. ನನ್ನ ಹೊಟ್ಟೆ ತಣ್ಣಗಾಯಿತು. ಸೂಜಿಗೂ ಲೂಪರಿಗೂ ಹೊಂದಿಸುವುದನ್ನೂ ಅವಳಿಗೆ ಕಲಿಸಿದೆ. ಹೀಗೆ ಒಬ್ಬೊಬ್ಬರಿಗೆ ಗೊತ್ತಾಗುತ್ತ ಹೋದರೆ ಇನ್ಯಾರೂ ಬೆನ್ನು ತಿರುಗಿಸಿ ಕೂರುವ ಅಗತ್ಯವಿರುವುದಿಲ್ಲ ಎಂದುಕೊಂಡೆ.

ಆ ಯೂನಿಟ್ಟಿನಿಂದ ನನಗೆ ಕರೆ ಬರುವುದು ನಿಂತಿತು. ನಿಲ್ಲಲಿ ಎಂದೇ ನಾನು ತೋರಿಸಿದ್ದು. ಅಕ್ಕಪಕ್ಕದ ಯೂನಿಟ್ಟಿನವರೂ ಈಗ ಅವಳನ್ನೇ ಕರೆಯುತ್ತಾರೆ ಎಂದು ಕೇಳಿ ಇನ್ನೂ ಖುಷಿಪಟ್ಟೆ. ಬಹಳ ದಿನದ ಮೇಲೆ ಬೇರೆ ಮಷೀನಿನ ಕೆಲಸಕ್ಕೆಂದು ಅಲ್ಲಿಗೆ ಹೋದೆ. ಅಂಚಿನ ಮಷೀನಿನ ಮುಂದೆ ಹೊಸಬಳೊಬ್ಬಳು ಕೂತಿದ್ದಳು, ನಮ್ಮ ಮಡಕಶಿರಾ ಪಕ್ಕದ ಅಗಳಿ ಕಡೆಯ ನಡುವಯಸ್ಸಿನ ಹೆಂಗಸು. ಬಟ್ಟೆ ಸಿಕ್ಕಿಹಾಕಿಕೊಂಡಿತ್ತು. ಅವಳು ಕತ್ತರಿ ತೆಗೆದುಕೊಂಡಳು.

ಚಕ್ರ ಸ್ವಲ್ಪ ಹಿಂದಕ್ಕೆ ಆಡಿಸಿ ಬಿಡಿಸಿಕೊಳ್ಳಮ್ಮ, ದಾರ ಹೋದರೆ ಹೋಗಲಿ, ಬಟ್ಟೆ ಉಳಿಯುತ್ತದೆ ಎಂದೆ. ಅವಳು ಹೆದರಿ ಹಿಂದೆ ನೋಡಿದಳು. ಹಿಂದೆ, ನಾನು ಕಲಿಸಿದವಳು ನಿಂತಿದ್ದಳು, ಕೈಯಲ್ಲಿ ಟವಲು. ನನ್ನನ್ನು ಕಂಡು ಮುಖ ಕೆಂಪಾಗಲಿಲ್ಲ, ತಲೆ ತಗ್ಗಲಿಲ್ಲ. ಚಹಾ ಕುಡಿದು ಹೋಗ್ರಿ ಅಣ್ಣಾ ಎಂದಳು.

ನಾನು ದಾರ ಕತ್ತರಿಸಿ ಹಾಕಿ, ಎಲ್ಲರ ಎದುರಿಗೇ ಚಕ್ರವನ್ನು ಹಿಂದಕ್ಕೆ ತಿರುವಿ ಬಟ್ಟೆ ಬಿಡಿಸಿದೆ. ಮತ್ತೆ ದಾರ ಹಾಕಿ ಒಂದು ಅಂಚು ಹೊಲಿದು ಹೊಸಬಳ ಕೈಗೆ ಕೊಟ್ಟೆ. ಒಂದು ಹೊಲಿಗೆಯೂ ತಪ್ಪಿರಲಿಲ್ಲ. "ನೋಡಮ್ಮ, ಸತ್ತಿಲ್ಲ" ಎಂದೆ.

ಅವಳು ಅಂಚನ್ನು ಎಳೆದು ನೋಡಿದಳು. ಆಮೇಲೆ ನಮ್ಮೂರಿನ ಮಾತಿನಲ್ಲೇ, ನನಗೆ ಸಮಾಧಾನ ಹೇಳುವವಳ ಹಾಗೆ ಹೇಳಿದಳು:

"ನಿಮ್ ಕೈಗೆ ಸಾಯಾಕಿಲ್ಲ ಬಿಡಣ್ಣ. ಅಕ್ಕನ್ ಕೈಗೂ ಸಾಯಾಕಿಲ್ಲಂತೆ. ನಮ್ ಕೈಗೇ ಸಾಯಾದು."

ಟವಲಿನವಳು ಚಹಾ ತರಿಸಿದ್ದಳು. ನಾನು ಕುಡಿಯಲಿಲ್ಲ.