ದರವಿಲ್ಲದ ದರಪಟ್ಟಿ

ನಮ್ಮ ಮಾವನವರ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಬುದ್ಧಿಯ ಬಗ್ಗೆ ಅಷ್ಟು ಹೇಳಲಾರೆ. ಹೊಸನಗರದ ಸುತ್ತಮುತ್ತ ಯಾರೇ ಕಾಗದ ಬರೆಸಬೇಕಾದರೂ ನಮ್ಮ ಜಗಲಿಗೇ ಬರುತ್ತಿದ್ದರು. ಅವರ ವಿಧವೆ ತಂಗಿ, ನನ್ನ ಚಿಕ್ಕತ್ತೆ, ಅದೇ ಜಗಲಿಯಲ್ಲಿ ಕೂತು ಕೆಟ್ಟರು.

ಚಿಕ್ಕತ್ತೆಗೆ ಮಕ್ಕಳಿಲ್ಲ. "ಬಪ್ಪ ವರ್ಷದಿಂದ ಇನ್ನೊಂದು ಹೊಟ್ಟೆ ಹೊರೂಲೆ ಕಷ್ಟ ಇದ್ದು" ಎಂದು ಮಾವ ಅವರಿಗೆ ಕೇಳುವ ಹಾಗೆಯೇ ಅಂದಿದ್ದರು. ತನ್ನ ಅನ್ನ ತಾನೇ ದುಡಿದು ಈ ಮನೆಯಲ್ಲೇ ಇರುತ್ತೇನೆ ಎಂದು ಹಟ ತೊಟ್ಟ ಚಿಕ್ಕತ್ತೆ, ಶಿವಮೊಗ್ಗದ ಹೋಟೆಲಿನ ಯಜಮಾನರೊಬ್ಬರಿಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಭರಣಿಯನ್ನು ಮಾದರಿಗೆಂದು ಮೋಟಾರಿನಲ್ಲಿ ಕಳಿಸಿದರು. ಆ ಯಜಮಾನರು ವರ್ಷಕ್ಕಾಗುವಷ್ಟನ್ನು ಒಟ್ಟಿಗೇ ಕೊಳ್ಳುವವರು. ಭರಣಿ ತಲುಪಿತು, ಉತ್ತರ ಬರಲಿಲ್ಲ. ದರಪಟ್ಟಿಯೊಂದಿಗೆ ನೆನಪು ಮಾಡುವ ಕಾಗದ ಹೋಗಬೇಕಾಯಿತು.

ಚಿಕ್ಕತ್ತೆ ಹೇಳಿ ಬರೆಸಿದ್ದು ನನಗೆ ಚೆನ್ನಾಗಿ ನೆನಪಿದೆ. ಉಪ್ಪುನೀರಿನ ಮಿಡಿಗೆ ಮಣಕ್ಕೆ ಇಷ್ಟು, ಮಸಾಲೆ ಅರೆದು ಹಾಕಿದ್ದಕ್ಕೆ ಇಷ್ಟು. ಎರಡು ಮಣಕ್ಕಿಂತ ಕಡಿಮೆ ಕಳಿಸುವುದಿಲ್ಲ. ಮೋಟಾರಿನ ಬಾಡಿಗೆ ಕೊಳ್ಳುವವರದು, ಭರಣಿ ಹಿಂದೆ ಬರಬೇಕು. ಮರ ಹತ್ತುವವರಿಗೂ ಉಪ್ಪು ಮೆಣಸಿಗೂ ಬೇಕಾದ್ದರಿಂದ ಅರ್ಧ ಹಣ ಮುಂಗಡ. ಮಿಡಿ ಕೊಯ್ಯುವ ಮೊದಲೇ ಒಪ್ಪಿಗೆ ತಿಳಿಸಬೇಕು. ಮಾವ ತಲೆಯಾಡಿಸಿದರು.

ಕಾಗದ ಅಂಚೆಗೆ ಹಾಕಿ ಬಂದ ಮೇಲೆ ಊಟಕ್ಕೆ ಕೂತು ಅದನ್ನು ಬಾಯಿಪಾಠ ಒಪ್ಪಿಸಿದರು. ಶ್ರೀಮತ್ಸಕಲಗುಣಸಂಪನ್ನರಾದ ಎಂದು ಶುರು, ಕುಶಲ ಒಂದು ಪುಟ. ಆಮೇಲೆ ಪಟ್ಟಿ: ಎರಡು ಬಗೆಯ ಮಿಡಿಯ ಹೆಸರು, ಎದುರಿಗೆ 'ತಮ್ಮ ಚಿತ್ತ'. ಮುಂಗಡದ ಮಾತೇ ಇಲ್ಲ.

"ದರ ಎಲ್ಲಿ ಅಣ್ಣ?" ಎಂದರು ಚಿಕ್ಕತ್ತೆ.

"ತಿಂಬ ವಸ್ತುವಿಗೆ ದರ ಬರೆದ್ರೆ ಮನೆ ಮರ್ಯಾದೆ ಎಂತ ಆಗ್ತು? ಎಂಗೊ ಎಂತ ಅಂಗಡಿ ಇಟ್ಕಂಡವ್ವಾ?"

ಆಹಾ ಮರ್ಯಾದೆ! ತಂಗಿಯ ತುತ್ತು ಎಣಿಸುವಾಗ ಅದು ಯಾವ ಅಟ್ಟ ಹತ್ತಿ ಕೂತಿತ್ತೋ. ನಾನು ಸೊಸೆ, ಮಜ್ಜಿಗೆ ಬಡಿಸಿದೆ.

ಈ ಸಲ ಉತ್ತರ ಬೇಗ ಬಂತು. ತಾವು ಪ್ರೀತಿಯಿಂದ ಕಳಿಸಿದ ಕಾಣಿಕೆ ಮನೆಮಂದಿಗೆಲ್ಲ ಬಹಳ ಹಿಡಿಸಿತು. ತಮ್ಮಂಥ ದೊಡ್ಡವರು ವ್ಯಾಪಾರಸ್ಥರಲ್ಲವೆಂದು ಪಟ್ಟಿ ನೋಡಿಯೇ ತಿಳಿಯಿತು. ಆದ್ದರಿಂದ ಹೋಟೆಲಿಗೆ ಬೇಕಾದ ಉಪ್ಪಿನಕಾಯಿಯನ್ನು ತೀರ್ಥಹಳ್ಳಿಯ ಕಡೆ ದರ ಗೊತ್ತುಮಾಡಿ ಕೊಂಡಿದ್ದೇವೆ ಎಂದು ಬರೆದಿದ್ದರು. ಮಾವ 'ದೊಡ್ಡವರು' ಎಂಬ ಮಾತನ್ನು ಎರಡೆರಡು ಸಲ ಓದಿ ಕೇಳಿಸಿದರು. ಚಿಕ್ಕತ್ತೆ ಎದ್ದು ಒಳಗೆ ಹೋದರು.

ಕಾಗದದ ಕೊನೆಗೆ ಇನ್ನೊಂದು ಸಾಲಿತ್ತು: ಇಂಥ ಕೈಯ ಅಡುಗೆಯ ಹೆಂಗಸು ಸಿಕ್ಕರೆ ನಮ್ಮ ಮನೆಗೆ ಬೇಕಿತ್ತು. ಅದಕ್ಕೆ ಮಾವ ಅಂದೇ ಉತ್ತರ ಬರೆದರು. ಹೆಂಗಸು ನಮ್ಮ ಮನೆಯಲ್ಲೇ ಇದ್ದಾಳೆ, ತಿಂಗಳಿಗೆ ಹನ್ನೆರಡು ರೂಪಾಯಿ, ಕಡಿಮೆಯಾಗದು. ಎರಡು ತಿಂಗಳದ್ದು ಮುಂಗಡ, ಮನಿಯಾರ್ಡರು ಮಾವನವರ ಹೆಸರಿಗೆ.