ಎಂಟರ ಬಡ್ಡಿ ಒಂಬತ್ತೂ ಚಿಲ್ಲರೆ ಆದದ್ದು

ಒಂದೂ ಸುಳ್ಳು ಹೇಳದೆ ಮನುಷ್ಯರಿಗೆ ಮೋಸ ಮಾಡಬಹುದು ಎಂದು ನನಗೆ ತಿಳಿದದ್ದು ಠೇವಣಿಯ ಒಂದು ಪಟ್ಟಿಯಿಂದ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಹೊಸನಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಸಿಟ್ಟು ಬಂದ ದಿನ ನಾನು ಬ್ಲೌಸಿನ ತೋಳನ್ನು ತಿರುಗಾಮುರುಗಾ ಹೊಲಿಯುತ್ತೇನೆ. ಆ ವಾರ ನಾಲ್ಕಾರು ಗಿರಾಕಿಗಳು ಬ್ಲೌಸನ್ನು ವಾಪಸ್ಸು ತಂದರು.

ನನ್ನ ಅಕ್ಕ ತೀರ್ಥಹಳ್ಳಿಯ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಮಾಡಿ ನಿವೃತ್ತಳಾದವಳು. ಕೈಗೆ ಬಂದದ್ದರಲ್ಲಿ ಮೂರು ಲಕ್ಷವನ್ನು ಅಲ್ಲಿಯ ಹಳೆಯ ಸೊಸೈಟಿಯಲ್ಲಿ ಐದು ವರ್ಷಕ್ಕೆ ಇಟ್ಟಿದ್ದಳು. ಹಿರಿಯ ನಾಗರಿಕರ ದರ, ಎಂಟೂವರೆ. ವರ್ಷಕ್ಕೊಮ್ಮೆ ಬಡ್ಡಿ ಅಸಲಿಗೆ ಸೇರಿ, ಕೊನೆಗೆ ನಾಲ್ಕು ಲಕ್ಷದ ಐವತ್ತೊಂದು ಸಾವಿರ ಆಗುವುದಿತ್ತು. ಆ ದುಡ್ಡು ಯಾತಕ್ಕೆ ಎಂಬುದರಲ್ಲಿ ಗುಟ್ಟೇನಿರಲಿಲ್ಲ. ನನ್ನ ಮನೆಯ ಪಕ್ಕ ಅವಳದೊಂದು ಸೈಟಿದೆ, ಪಾಯ ಎದ್ದು ಹುಲ್ಲು ಬೆಳೆದಿದೆ. ಅದರ ಮೇಲೆ ಎರಡು ಕೋಣೆ, ಒಂದು ಬಚ್ಚಲು ಕಟ್ಟಿಸಬೇಕಿತ್ತು. ಅಲ್ಲಿಯವರೆಗೆ ಅವಳಿದ್ದದ್ದು ನಮ್ಮ ತಮ್ಮನ ಮನೆಯಲ್ಲಿ. ಐದು ವರ್ಷಕ್ಕೆ ನಿನ್ನ ಮನೆಯಿಂದ ಹೊರಡುತ್ತೇನೆ ಎಂದು ತಮ್ಮನ ಹೆಂಡತಿಗೆ ಬಾಯಿಬಿಟ್ಟು ಹೇಳಿಯೂ ಆಗಿತ್ತು. ತಮ್ಮ ಕೆಟ್ಟವನಲ್ಲ. ಆದರೂ ಇನ್ನೊಬ್ಬರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಎಂದು ಕೇಳುತ್ತ ಬದುಕುವುದು ಜೀವಮಾನವಿಡೀ ಅಡುಗೆ ಮಾಡಿದವಳಿಗೆ ಸುಲಭವಲ್ಲ.

ಅಷ್ಟರಲ್ಲಿ ಸಾಗರದ ಕಡೆಯ ಇನ್ನೊಂದು ಸೊಸೈಟಿ ನಮ್ಮೂರಲ್ಲಿ ಶಾಖೆ ತೆರೆಯಿತು. ಹೊಲಿಗೆ ಮಿಷನ್ನಿನ ಸಾಲಕ್ಕಾಗಿ ನಾನೂ ಅಲ್ಲಿ ಷೇರು ತೆಗೆದುಕೊಂಡು ಸದಸ್ಯೆಯಾಗಿದ್ದೆ. ಅವರ ಹುಡುಗಿಯರು ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಾಗದ ಹಂಚಿದರು. ಹತ್ತು ಸಾವಿರ ಇಟ್ಟರೆ ಎಷ್ಟು ವರ್ಷಕ್ಕೆ ಎಷ್ಟಾಗುತ್ತದೆ ಎಂಬ ಪಟ್ಟಿ. ಎಡಗಡೆ ಮೇಲಿಂದ ಕೆಳಗೆ ವರ್ಷಗಳು, ತಲೆಯ ಮೇಲೆ ಏಳು, ಏಳೂವರೆ, ಎಂಟು ಎಂದು ಬಡ್ಡಿದರಗಳು. ಹಿರಿಯ ನಾಗರಿಕರಿಗೆ ಎಂಟು. ಅದರ ಕೆಳಗೆ ಐದು ವರ್ಷದ ಚೌಕದಲ್ಲಿ 14,693. ಅಷ್ಟೇ ಇದ್ದಿದ್ದರೆ ನನ್ನ ತಕರಾರು ಇರಲಿಲ್ಲ. ಪ್ರತಿ ಮೊತ್ತದ ಕೆಳಗೆ ಕೆಂಪು ಅಕ್ಷರದಲ್ಲಿ 'ವಾರ್ಷಿಕ ಲಾಭ' ಎಂದು ಇನ್ನೊಂದು ಅಂಕಿ. ಐದು ವರ್ಷಕ್ಕೆ ಅದು ಶೇಕಡಾ 9.39.

ನಮ್ಮ ಕಡೆಯವರಿಗೆ ಬಡ್ಡಿ ಎಂದರೆ ನೂರಕ್ಕೆ ತಿಂಗಳಿಗೆ ಎಷ್ಟು ಎಂಬ ಲೆಕ್ಕ. ಕೈಸಾಲ ಕೊಡುವಾಗಲೂ ತರುವಾಗಲೂ ಅಷ್ಟೇ. ಬಂದ ಬಡ್ಡಿಯನ್ನೆಲ್ಲ ಕೂಡಿಸು, ವರ್ಷದಿಂದ ಭಾಗಿಸು, ಸಿಕ್ಕಿದ್ದೇ ದರ. ಬಡ್ಡಿಗೆ ಬಡ್ಡಿ ಹುಟ್ಟದ ಕಡೆ ಅದು ಸರಿಯಾದ ಲೆಕ್ಕವೇ. ಕೆಂಪಕ್ಷರ ಬರೆದವನಿಗೆ ನಮ್ಮ ಈ ರೂಢಿ ಚೆನ್ನಾಗಿ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಅಕ್ಕ ಆ ಕಾಗದವನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಅಲ್ಲಿ ಎಂಟೂವರೆ, ಇಲ್ಲಿ ಒಂಬತ್ತೂ ಚಿಲ್ಲರೆ. ನನಗೂ ಹೇಳಲಿಲ್ಲ, ತಮ್ಮನಿಗೂ ಹೇಳಲಿಲ್ಲ. ಎರಡು ವರ್ಷ ತುಂಬಿದ ಮೇಲೆ ತೆಗೆದರೆ ಆ ಎರಡು ವರ್ಷದ ಬಡ್ಡಿ ಪೂರ್ತಿ ಸಿಗುತ್ತದೆ ಎಂದುಕೊಂಡು ಜಾಣತನದಿಂದ ಅಲ್ಲಿಯವರೆಗೆ ಕಾದಳು. ಆಮೇಲೆ ತೀರ್ಥಹಳ್ಳಿಗೆ ಹೋಗಿ ಠೇವಣಿ ಮುರಿಸಿದಳು.

ಹೊಸ ಸೊಸೈಟಿಯಲ್ಲಿ ದುಡ್ಡಿಡಲು ಪರಿಚಯದ ಸದಸ್ಯರೊಬ್ಬರ ಸಹಿ ಬೇಕಿತ್ತು. ಅದಕ್ಕಾಗಿ ಅವಳು ಅಂಗಡಿಗೆ ಬಂದಾಗಲೇ ನನಗೆ ವಿಷಯ ಗೊತ್ತಾದದ್ದು. ಮುರಿಸಿದ್ದಕ್ಕೆ ಎಂಟೂವರೆ ಕೊಟ್ಟಿರಲಿಲ್ಲ. ಎರಡು ವರ್ಷದ ಠೇವಣಿಗೆ ಅವರಲ್ಲಿ ಇದ್ದ ದರ ಏಳೂವರೆ, ಮಧ್ಯದಲ್ಲಿ ಮುರಿದದ್ದಕ್ಕೆ ಅದರಲ್ಲಿ ಒಂದು ಕಡಿತ. ಆರೂವರೆಯ ಲೆಕ್ಕದಲ್ಲಿ ಕೈಗೆ ಬಂದದ್ದು ಮೂರು ಲಕ್ಷದ ನಲವತ್ತು ಸಾವಿರ ಚಿಲ್ಲರೆ. ಸುಮ್ಮನಿದ್ದಿದ್ದರೆ ಅಷ್ಟು ಹೊತ್ತಿಗೆ ಮೂರು ಐವತ್ತಮೂರು ಆಗಿರುತ್ತಿತ್ತು.

"ಹೋದ್ರೆ ಹೋಗ್ಲಿ ಮಾರಾಯ್ತಿ, ಇಲ್ಲಿ ಒಂಬತ್ತರ ಮೇಲೆ ಬರುತ್ತಲ್ಲ, ತುಂಬಿಕೊಳ್ತದೆ" ಎಂದಳು.

ಬಟ್ಟೆಗೆ ಗುರುತು ಹಾಕುವ ಚಾಕ್‌ನಿಂದ ಮೇಜಿನ ಮೇಲೆ ಬರೆದು ತೋರಿಸಿದೆ. ನೂರಕ್ಕೆ ಎಂಟು, ಮೊದಲ ವರ್ಷ ನೂರೆಂಟು. ಎರಡನೆಯ ವರ್ಷ ಬಡ್ಡಿ ನೂರೆಂಟರ ಮೇಲೆ, ಆದ್ದರಿಂದ 116.64. ಆ ಅರವತ್ತನಾಲ್ಕು ಪೈಸೆ ಬಡ್ಡಿಯ ಬಡ್ಡಿ. ಹೀಗೆ ಐದು ವರ್ಷಕ್ಕೆ 146.93. ನೂರು ಕಳೆದು ಐದರಿಂದ ಭಾಗಿಸಿದರೆ ಅವರ 9.39. ದರ ಎಂಟೇ, ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ. ಅಕ್ಕ ತುಂಬಾ ಹೊತ್ತು ಚಾಕಿನ ಗೆರೆಗಳನ್ನು ನೋಡಿದಳು. ನಾನು ತಪ್ಪು ಹೇಳುತ್ತಿರಬಹುದು ಎಂಬ ಆಸೆ ಅವಳ ಮುಖದಲ್ಲಿತ್ತು. ಅದನ್ನು ನೋಡಿ ನನಗೆ ಅವಳ ಮೇಲೆ ಬಂದ ಸಿಟ್ಟೆಲ್ಲ ಆ ಕಾಗದದ ಮೇಲೆ ತಿರುಗಿತು.

ಅವಳನ್ನು ಕರೆದುಕೊಂಡು ನೇರ ಶಾಖೆಗೆ ಹೋದೆ. ಮ್ಯಾನೇಜರ್ ಇನ್ನೂ ಎಳೆಯ ವಯಸ್ಸಿನವರು, ಬಹಳ ಮರ್ಯಾದೆಯವರು. ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಮರ್ಯಾದಸ್ಥರ ಹತ್ತಿರ ಜಗಳವಾಡುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಪಟ್ಟಿಯಲ್ಲಿ ಒಂದು ಪೈಸೆ ತಪ್ಪಿದ್ದರೆ ತೋರಿಸಿ ಎಂದರು. ತೋರಿಸಲು ತಪ್ಪಿರಲಿಲ್ಲ. ಅದೇ ಎಂಟರ ಕೆಳಗೆ ಒಂದು ವರ್ಷಕ್ಕೆ ಕೆಂಪಿನಲ್ಲಿ 8, ಮೂರು ವರ್ಷಕ್ಕೆ 8.66, ಐದಕ್ಕೆ 9.39 ಎಂದು ಹಾಕಿದ್ದೀರಲ್ಲ, ದರ ಒಂದೇ ಇದ್ದರೆ ಇದು ಏರುವುದು ಹೇಗೆ, ಇನ್ನೊಂದು ಸೊಸೈಟಿಯ ಎಂಟೂವರೆಯ ಪಕ್ಕ ಇದನ್ನು ಇಟ್ಟು ನೋಡುವವರ ಗತಿ ಏನು ಎಂದು ಕೇಳಿದೆ. ಕೆಳಗೆ ಸಣ್ಣಕ್ಷರದಲ್ಲಿ 'ಸರಾಸರಿ' ಎಂದು ಇದೆ ಎಂದರು. ಇತ್ತು. ಕನ್ನಡಕ ಹಾಕಿದರೂ ಓದಲು ಕಷ್ಟವಾಗುವಷ್ಟು ಸಣ್ಣಕ್ಷರದಲ್ಲಿ ಇತ್ತು.

"ಎಲ್ಲರೂ ಹಾಕ್ತಾರೆ ಮೇಡಂ. ನಾವೊಬ್ರು ಹಾಕ್ದಿದ್ರೆ ನಮ್ದು ಕಡಿಮೆ ಅಂತ ಕಾಣ್ತದೆ."

ಊರೆಲ್ಲ ಕಣ್ಣಿಗೆ ಮಣ್ಣೆರಚುತ್ತದೆ ಎಂದು ನಾವೂ ಒಂದು ಹಿಡಿ ಎರಚಿದೆವು ಎನ್ನುವ ಮಾತಿದು. ನಾನು ಅದನ್ನೇ ಹೇಳಿದೆ, ಇನ್ನೂ ಕೆಲವು ಹೇಳಿದೆ. ಕೌಂಟರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಕ್ಕ ನನ್ನ ಸೆರಗು ಎಳೆಯುತ್ತಿದ್ದಳು, ನಾಚಿಕೆ ಅವಳಿಗೆ.

ಇನ್ನೂ ಹೊಟ್ಟೆ ಉರಿಯುವುದು ಆಮೇಲಿನದಕ್ಕೆ. ತೀರ್ಥಹಳ್ಳಿಗೆ ಹೋಗಿ ಕೇಳಿದೆವು. ಮುರಿದ ಠೇವಣಿ ಮತ್ತೆ ಕೂಡುವುದಿಲ್ಲ, ಹೊಸದಾಗಿ ಇಡಬೇಕು ಎಂದರು. ಮನೆ ಕಟ್ಟುವ ಗಡುವಿಗೆ ಉಳಿದಿದ್ದದ್ದು ಮೂರೇ ವರ್ಷ. ಮೂರು ವರ್ಷಕ್ಕೆ ಅಲ್ಲಿ ಏಳೂ ಮುಕ್ಕಾಲು, ಹೊಸ ಸೊಸೈಟಿಯಲ್ಲಿ ಎಂಟು. ಬೈದು ಬಂದ ಬಾಗಿಲಿಗೇ ಮರಳಿ ಹೋಗಿ, ನಾನೇ ಪರಿಚಯದ ಸಹಿ ಹಾಕಿ ಇಡಿಸಿದೆ. ಮೂರು ವರ್ಷದ ಕೊನೆಗೆ ನಾಲ್ಕು ಲಕ್ಷದ ಇಪ್ಪತ್ತೆಂಟು ಸಾವಿರ ಚಿಲ್ಲರೆ. ಮೊದಲು ಬರಬೇಕಿದ್ದ ಮೊತ್ತಕ್ಕಿಂತ ಇಪ್ಪತ್ತೆರಡು ಸಾವಿರ ಚಿಲ್ಲರೆ ಕಮ್ಮಿ. ಗಾರೆ ಮೇಸ್ತ್ರಿಯನ್ನು ಕೇಳಿದೆವು. ಬಚ್ಚಲನ್ನು ಆಮೇಲೆ ನೋಡಿಕೊಳ್ಳಿ ಎಂದ. ಅಲ್ಲಿಯವರೆಗೆ ನಮ್ಮನೆ ಬಚ್ಚಲಿಗೆ ಬಾ ಎಂದೆ. ಅಕ್ಕ ತಲೆಯಾಡಿಸಿದಳು. ಮತ್ತೆ ಇನ್ನೊಬ್ಬರ ಮನೆಯ ಬಾಗಿಲು ತಟ್ಟುವುದೇ ಅಲ್ಲವೇ ಎಂದು ನನಗೇ ಅನಿಸಿತು.

ಕೆಲವು ತಿಂಗಳ ನಂತರ ಉಳಿತಾಯ ಖಾತೆಯ ಪಾಸ್‌ಬುಕ್ ಬರೆಸಲು ಅಕ್ಕನ ಜೊತೆ ಮತ್ತೆ ತೀರ್ಥಹಳ್ಳಿಯ ಹಳೆಯ ಸೊಸೈಟಿಗೆ ಹೋಗಿದ್ದೆ. ಗೋಡೆಯ ಮೇಲೆ ಹೊಸ ಪಟ್ಟಿ ಬಂದಿತ್ತು, ದೊಡ್ಡದು, ಗಾಜು ಹಾಕಿಸಿದ್ದು. ಹಿರಿಯ ನಾಗರಿಕರ ಎಂಟೂವರೆ, ಐದು ವರ್ಷ, 15,037. ಕೆಳಗೆ ಅವರೂ ಕೆಂಪಿನಲ್ಲಿ ಬರೆಸಿದ್ದರು: ವಾರ್ಷಿಕ ಲಾಭ ಶೇಕಡಾ 10.07. ಅಕ್ಕನನ್ನು ಬೇಗ ಹೊರಡಿಸಬೇಕೆಂದು ನಾನು ಕೈ ಹಿಡಿದೆ. ಅವಳು ಆಗಲೇ ಬೆರಳಿಟ್ಟು ಓದುತ್ತಿದ್ದಳು.

ಓದಿ ಮುಗಿಸಿ ನನ್ನ ಕಡೆ ತಿರುಗಿ, ಮೆಲ್ಲಗೆ ಕೇಳಿದಳು:

"ಅಲ್ವೇ, ಹಾಗಾದ್ರೆ ನಾ ಮುರಿಸಿದ್ದು ಹತ್ತರ ಬಡ್ಡಿದಾ?"