ನನ್ನ ಹೆಸರು, ಅವಳ ಇಂಗ್ಲಿಷ್

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಹಾಳೆ ಇದೆ. ನಮ್ಮ ಕಾರ್ಖಾನೆಯಿಂದ ಪಂಪಿನ ಬಿಡಿಭಾಗ ಕೊಳ್ಳುವ ಇಂಗ್ಲೆಂಡಿನ ಕಂಪನಿಯ ಹೆಂಗಸೊಬ್ಬಳು ಕಳಿಸಿದ ಇಮೇಲಿನ ಪ್ರಿಂಟು. ನಿಮ್ಮ ಪತ್ರಗಳು ಬಹಳ ಸ್ಪಷ್ಟವಾಗಿರುತ್ತವೆ, ನಿಮ್ಮೊಡನೆ ಕೆಲಸ ಮಾಡುವುದು ಸುಲಭ ಎಂದು ಎರಡು ಸಾಲು. ಅದು ಬಂದ ದಿನ ಮನೆಗೆ ಒಯ್ದು ಹೆಂಡತಿಗೆ ಮೂರು ಸಲ ಓದಿ ಹೇಳಿದ್ದೆ. ಮೂರನೆಯ ಸಲಕ್ಕೆ ಅವಳು, ‘ತಿಳೀತ್ರಿ, ಇನ್ನ ಊಟಕ್ಕ ಬರ್ರಿ’ ಅಂದಳು.

ಆ ಹೊಗಳಿಕೆ ಯಾರಿಗೆ ಸಲ್ಲಬೇಕು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ನಾಗಪುರದ ಕೇಂದ್ರ ಸರಕಾರಿ ಕಚೇರಿಯೊಂದರಲ್ಲಿ ಪತ್ರಗಳ ಕರಡು ಬರೆದೇ ನನ್ನ ನೌಕರಿ ಮುಗಿದಿತ್ತು. ನಿವೃತ್ತನಾಗಿ ಮನೆಯಲ್ಲಿ ಕೂತು ಸಿಡಿಮಿಡಿಗೊಳ್ಳುತ್ತಿದ್ದಾಗ ಊರಾಚೆ ಬುಟಿಬೋರಿಯ ಈ ಕಾರ್ಖಾನೆಯವರು ಪರದೇಶದ ಪತ್ರವ್ಯವಹಾರ ನೋಡಿಕೊಳ್ಳಿ ಎಂದು ಕರೆದರು. ಪಕ್ಕದ ಮೇಜಿಗೆ ಒಬ್ಬ ಹುಡುಗಿ. ಅವಳ ಅಜ್ಜ ನಮ್ಮ ಧಾರವಾಡದ ಕಡೆಯವರು, ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಮನೆಯ ಕನ್ನಡ ಚೆನ್ನಾಗಿ ಆಡುತ್ತಾಳೆ, ಓದಲು ಬರೆಯಲು ಬಾರದು. ನನ್ನನ್ನು ಕಾಕಾ ಎನ್ನುತ್ತಾಳೆ. ನಮ್ಮ ಏರ್ಪಾಡು ಸರಳ: ನಾನು ಪತ್ರ ಟೈಪ್ ಮಾಡಿ ಕಂಪ್ಯೂಟರಿನಲ್ಲಿ ಉಳಿಸುವುದು, ಅವಳು ಡ್ರಾಯಿಂಗು, ಪಟ್ಟಿ ಮುಂತಾದವನ್ನು ಲಗತ್ತಿಸಿ ಕಾರ್ಖಾನೆಯ ಇಮೇಲಿನಿಂದ ಕಳಿಸುವುದು. ಕೆಳಗೆ ನನ್ನ ಹೆಸರು.

ಒಂದು ದಿನ ಅವಳು ರಜೆಯ ಮೇಲಿದ್ದಳು. ಹಳೆಯ ಪತ್ರವೊಂದು ಬೇಕಾಗಿ, ಕಳಿಸಿದ ಇಮೇಲುಗಳನ್ನು ನಾನೇ ತೆರೆದೆ. ಹೆಸರು ನನ್ನದೇ ಇತ್ತು, ಪತ್ರ ನನ್ನದಾಗಿರಲಿಲ್ಲ. ‘ಡೂ ದ ನೀಡ್‌ಫುಲ್’ ಎಂದು ನಾನು ಬರೆದಲ್ಲಿ, ಬುಧವಾರದೊಳಗೆ ಸಹಿ ಮಾಡಿದ ಡ್ರಾಯಿಂಗು ಕಳಿಸಿ ಎಂದಿತ್ತು. ‘ರಿವರ್ಟ್ ಬ್ಯಾಕ್’ ಇದ್ದಲ್ಲಿ ಬರೀ ಉತ್ತರಿಸಿ. ‘ಪ್ರಿಪೋನ್’ ಇದ್ದಲ್ಲಿ, ಇಂಥ ದಿನದ ಬದಲು ಅದಕ್ಕೂ ಮುಂಚಿನ ಇಂಥ ದಿನ ಇಟ್ಟುಕೊಳ್ಳೋಣವೇ ಎಂಬ ಪ್ರಶ್ನೆ. ಇನ್ನೊಂದು ತೆರೆದೆ, ಮತ್ತೊಂದು ತೆರೆದೆ. ಏಳು ತಿಂಗಳ ಪತ್ರಗಳಲ್ಲಿ ಮೊಟ್ಟಮೊದಲನೆಯದನ್ನು ಬಿಟ್ಟರೆ ಒಂದೂ ನಾನು ಬರೆದ ಹಾಗೆ ಹೋಗಿರಲಿಲ್ಲ. ಮೈಯೆಲ್ಲ ಉರಿಯಿತು. ಸಂಜೆ ಕಾರ್ಖಾನೆಯ ಬಸ್ಸಿನಲ್ಲಿ ಯಾರ ಮುಖವನ್ನೂ ನೋಡದೆ ಕೂತು ಬಂದೆ.

ಮರುದಿನ ಕೇಳಿಯೇಬಿಟ್ಟೆ. ‘ಯಾಕವಾ, ನನ್ನ ಇಂಗ್ಲಿಷ್ ಅಷ್ಟ ಹೊಲಸ ಐತೇನು?’

ಅವಳ ಮುಖ ಸಣ್ಣದಾಯಿತು. ‘ರಾಗ್ ಮಾಡ್ಕೋಬ್ಯಾಡ್ರಿ ಕಾಕಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮೊದಲ್ನೇ ಪತ್ರ ಹೋದಾಗ ಆ ಇಂಗ್ಲೆಂಡಿನ ಬಾಯಿ ಫೋನ್ ಮಾಡಿದ್ಲು. ನೀವು ಇರಲಿಲ್ಲ. ನೀಡ್‌ಫುಲ್ ಅಂದ್ರ ಏನ್ ಮಾಡ್ಬೇಕು, ಅದನ್ನ ಯಾರು ಮಾಡ್ಬೇಕು ಅಂತ ಕೇಳಿದ್ಲು. ಪ್ರಿಪೋನ್ ಅಂದ್ರ ಮುಂದ ಹಾಕೋದೇನು ಅಂದ್ಲು. ರಿವರ್ಟ್ ಅಂದ್ರ ಅವರ ಕಡೆ ಮೊದಲಿದ್ದ ಸ್ಥಿತಿಗೆ ವಾಪಸ್ ಹೋಗೋದಂತ. ಹಳೇ ಡ್ರಾಯಿಂಗೇ ಕಾಯಂ ಮಾಡ್ಬೇಕೇನು ಅಂತನೂ ಕೇಳಿದ್ಲು.’

‘ಮತ್ತ ನನಗ್ಯಾಕ ಹೇಳಲಿಲ್ಲ?’

‘ಹೆಂಗ ಹೇಳ್ಲಿ ಕಾಕಾ? ನೀವು ದೊಡ್ಡವರು. ನಾನೇ ಬರೋಬರ್ ಮಾಡಿ ಕಳಿಸಿದ್ರಾತು ಅಂದ್ಕೊಂಡೆ.’

ಬೈದರೆ ಮರ್ಯಾದೆ ಕೊಟ್ಟವಳನ್ನು ಬೈದಂತೆ. ಮೆಚ್ಚಿದರೆ ನನ್ನ ಮರ್ಯಾದೆ ಹೋದಂತೆ. ನಮ್ಮ ಕಚೇರಿಯಲ್ಲಿ ನೀಡ್‌ಫುಲ್ ಎಂಬುದು ಸೌಜನ್ಯದ ಮಾತಾಗಿತ್ತು. ಮೇಲಿನವರಿಗೆ ಇದನ್ನು ಮಾಡಿ, ಅದನ್ನು ಮಾಡಿ ಎಂದು ಬರೆಯುವುದು ಒರಟುತನ. ಆಗಬೇಕಾದದ್ದನ್ನು ಅವರೇ ಅರಿತು ಮಾಡಲಿ ಎಂದು ಬಿಟ್ಟುಕೊಡುವುದೇ ರೀತಿ. ಆ ಮಾತಿಗೆ ಹುಬ್ಬೇರಿಸಿದವರನ್ನು ನಾನು ಕಂಡಿರಲಿಲ್ಲ. ಪೋಸ್ಟ್‌ಪೋನ್ ಇರಬಹುದಾದರೆ ಪ್ರಿಪೋನ್ ಯಾಕೆ ಇರಬಾರದು ಎಂದು ವಾದಕ್ಕೂ ನಿಂತೆ. ‘ಆ ಶಬ್ದ ತಪ್ಪಲ್ಲ ಕಾಕಾ, ಈಗ ಡಿಕ್ಷನರಿಯೊಳಗೂ ಐತಿ. ನಮ್ಮಲ್ಲೆಲ್ಲಾ ಚಲೋ ನಡೀತೈತಿ. ಅಲ್ಲಿ ಭಾಳ ಮಂದಿಗೆ ಅದು ಗೊತ್ತಿಲ್ಲ, ಅಷ್ಟ’ ಅಂದಳು. ತಪ್ಪೆಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಹಟ ನನಗೆ ಹುಟ್ಟಿನಿಂದ ಬಂದದ್ದು. ಮುಂದಿನ ಪತ್ರ ಮುಟ್ಟಕೂಡದು ಎಂದೆ. ಕಂಟೇನರು ಹೊರಡುವ ದಿನ ಹತ್ತಿರಕ್ಕೆ ಬಂದಿತ್ತು, ಅವರ ತಪಾಸಣೆಗಾರ ಅದಕ್ಕೆ ಮೊದಲು ಬಂದು ಮಾಲು ನೋಡಬೇಕಿತ್ತು. ತಪಾಸಣೆಯನ್ನು ಪ್ರಿಪೋನ್ ಮಾಡಿ, ನೀಡ್‌ಫುಲ್ ಮಾಡಿ, ಆದಷ್ಟು ಬೇಗ ರಿವರ್ಟ್ ಬ್ಯಾಕ್ ಮಾಡಿ ಎಂದು ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ. ಅವಳು ಅದನ್ನು ಇದ್ದ ಹಾಗೇ ಕಳಿಸಿದಳು. ಎರಡು ದಿನ ಬಿಟ್ಟು ಬಹಳ ವಿನಯದ ಉತ್ತರ ಬಂತು: ಕ್ಷಮಿಸಿ, ನಾವು ಏನು ಮಾಡಬೇಕೆಂದು ನೀವು ಬಯಸುತ್ತೀರಿ?

ಅದನ್ನು ಓದಿ ನನಗೆ ನಾಚಿಕೆಯಾಯಿತು. ಆ ಸಾಲನ್ನು ಬರೆದಾಗ ಏನು ಆಗಬೇಕೆಂದು ನಾನೂ ನಿಚ್ಚಳವಾಗಿ ಯೋಚಿಸಿರಲಿಲ್ಲ. ಸೌಜನ್ಯವೋ ಸೋಮಾರಿತನವೋ, ಇಷ್ಟು ವರ್ಷದ ಮೇಲೆ ಬಿಡಿಸಿ ನೋಡುವುದು ಕಷ್ಟ.

ಆಗ ನನ್ನ ಮೊದಲ ಮೇಲಧಿಕಾರಿ ನೆನಪಾದರು. ನಮ್ಮ ಕರಡುಗಳನ್ನು ಅವರು ಪೆನ್ಸಿಲಿನಲ್ಲೇ ತಿದ್ದುತ್ತಿದ್ದರು, ಶಾಯಿ ಮುಟ್ಟುತ್ತಿರಲಿಲ್ಲ. ನಾವು ಅದನ್ನು ನೋಡಿ ನಮ್ಮ ಕೈಯಿಂದಲೇ ಸರಿಪಡಿಸಿ, ಅವರ ಗುರುತನ್ನು ರಬ್ಬರಿನಿಂದ ಅಳಿಸಬೇಕು. ಫೈಲಿನಲ್ಲಿ ಉಳಿಯುವುದು ನಮ್ಮ ಬರಹ ಮಾತ್ರ, ಕಲಿತದ್ದೂ ನಾವೇ. ಹುಡುಗಿಯ ಮುಂದೆ ಪೆನ್ಸಿಲು ಇಟ್ಟು ಹೇಳಿದೆ, ‘ನೀ ಬದಲಿ ಮಾಡಬ್ಯಾಡ. ಎಲ್ಲಿ ತಿಳಿಯೂದಿಲ್ಲೋ ಅಲ್ಲಿ ನನ್ನ ಕೇಳು. ಬರಿಯೋದು ನಾ ಬರೀತೀನಿ.’

ನನ್ನ ಅದೇ ಪತ್ರದ ಪ್ರಿಂಟನ್ನು ಅವಳು ಊಟದ ಬಿಡುವಿನಲ್ಲಿ, ಯಾರೂ ಇಲ್ಲದಾಗ, ನನ್ನ ಕೀಬೋರ್ಡಿನ ಕೆಳಗೆ ಇಟ್ಟು ಹೋದಳು. ಒಂದು ಪದವನ್ನೂ ಹೊಡೆದುಹಾಕಿರಲಿಲ್ಲ. ನೀಡ್‌ಫುಲ್ ಪಕ್ಕದಲ್ಲಿ ಸಣ್ಣಗೆ ‘ಯಾವ ಕೆಲಸ? ಯಾರು?’ ಪ್ರಿಪೋನ್ ಪಕ್ಕದಲ್ಲಿ ‘ಯಾವ ದಿನದಿಂದ ಯಾವ ದಿನಕ್ಕ?’ ರಿವರ್ಟ್ ಪಕ್ಕದಲ್ಲಿ ‘ಉತ್ತರ ಯಾವಾಗ ಬೇಕು?’ ಮಾತು ಕನ್ನಡ, ಅಕ್ಷರ ಮರಾಠಿಯವು. ಕನ್ನಡ ಬರೆಯಲು ಬಾರದ ಹುಡುಗಿ ನನಗಾಗಿ ಕನ್ನಡದಲ್ಲಿ ಕೇಳಿದ್ದಳು. ನನಗೆ ಕಣ್ಣು ತುಂಬಿ ಬಂತು, ಕನ್ನಡಕ ಒರೆಸಿಕೊಂಡೆ.

ಒಂದೊಂದೇ ಪ್ರಶ್ನೆಗೆ ಉತ್ತರ ಬರೆದೆ. ತಪಾಸಣೆ ಮುಂದಿನ ಸೋಮವಾರದ ಬದಲು ಈ ಗುರುವಾರ ಆಗಬಹುದೇ? ತಪಾಸಣೆಗಾರರ ಹೆಸರನ್ನು ನಾಳೆ ಸಂಜೆಯೊಳಗೆ ತಿಳಿಸುವಿರಾ? ಗೇಟಿನ ಪಾಸು ಮಾಡಿಸಬೇಕು. ಪತ್ರ ಅಷ್ಟಕ್ಕೇ ಮುಗಿಯಿತು. ಬರೆದದ್ದು ಒರಟಾಯಿತೇನೋ ಎಂಬ ಅಳುಕು ಮಾತ್ರ ಹೋಗಲಿಲ್ಲ. ಅವಳು ಕಳಿಸಿದ ಮೇಲೆ, ಅವಳ ಕಣ್ಣು ತಪ್ಪಿಸಿ, ಕಳಿಸಿದ ಇಮೇಲು ತೆರೆದು ಪದಕ್ಕೆ ಪದ ಹೋಲಿಸಿದೆ. ಎಲ್ಲ ನನ್ನದೇ ಇತ್ತು.

ಮರುದಿನ ಒಂದೇ ಸಾಲಿನ ಉತ್ತರ ಬಂತು: ಗುರುವಾರ ಆಗಬಹುದು. ಜೊತೆಗೆ ತಪಾಸಣೆಗಾರರ ಹೆಸರು.

ಹೊಗಳಿಕೆಯ ಆ ಹಳೆಯ ಪ್ರಿಂಟನ್ನು ಹುಡುಗಿಗೆ ಕೊಡಲು ಹೋದೆ. ‘ಹೆಸರು ನಿಮ್ದೈತಲ್ಲ ಕಾಕಾ’ ಎಂದು ಅವಳು ಒಲ್ಲೆ ಎಂದಳು. ಅದು ಡ್ರಾಯರಿನಲ್ಲೇ ಉಳಿಯಿತು. ಹೊಸ ಉತ್ತರವನ್ನು ಪ್ರಿಂಟು ತೆಗೆದು ಮನೆಗೆ ಒಯ್ದೆ. ಹೆಂಡತಿ ಕೇಳಿಸಿಕೊಂಡು, ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

‘ಇದರಾಗ ಹೊಗಳಿದ್ದು ಎಲ್ಲೈತ್ರಿ?’

‘ಹೊಗಳಿಲ್ಲ. ನಾ ಬರ್ದದ್ದು ಅವರಿಗೆ ತಿಳಿದೈತಿ.’

ಅವಳು ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟಳು. ‘ಹಂಗಾರ ಇನ್ನೊಮ್ಮೆ ಓದ್ರಿ’ ಅಂದಳು.